ಫೆಬ್ರವರಿಯಲ್ಲಿ ನೋಡಿದ ಮನೆ, ಜೂನ್‌ನಲ್ಲಿ ಇರಬೇಕಾದ ಮನೆ: ಮಂಗಳೂರಿನ ಒಂದು ಬಾಡಿಗೆ ಹುಡುಕಾಟ

ನನ್ನ ಚಿಕ್ಕಪ್ಪನ ಮಗನಿಗೆ ಹಾಸನದಿಂದ ಮಂಗಳೂರಿಗೆ ವರ್ಗವಾಯಿತು. ಬ್ಯಾಂಕ್ ಕೆಲಸ, ಹಂಪನಕಟ್ಟೆ ಹತ್ತಿರದ ಶಾಖೆ. ಆದೇಶ ಬಂದದ್ದು ಜನವರಿ ಕೊನೆಗೆ, ಮನೆ ಬೇಕಾದದ್ದು ಮೇ ತಿಂಗಳಿಗೆ. ದೊಡ್ಡವಳಿಗೆ 6 ವರ್ಷ, ಜೂನ್‌ನಲ್ಲಿ ಒಂದನೇ ತರಗತಿ. ಚಿಕ್ಕವನಿಗೆ ಆಗಷ್ಟೇ 2 ತುಂಬಿತ್ತು. ತಮ್ಮನ ಹೆಂಡತಿ ಮನೆಯಿಂದಲೇ ದಿನಕ್ಕೆ ನಾಲ್ಕೈದು ಗಂಟೆ ಅಕೌಂಟ್ಸ್ ಕೆಲಸ ಮಾಡುತ್ತಾಳೆ. ಒಂದು ಸ್ಕೂಟರ್ ಇದೆ, ಕಾರು ಇಲ್ಲ. ಬಾಡಿಗೆಗೆ ಹಾಕಿಕೊಂಡ ಮಿತಿ 17,000 ರೂಪಾಯಿ. ನಾನು ಹದಿನೈದು ವರ್ಷದಿಂದ ಇಲ್ಲೇ ಇರುವವಳು. ಹಾಗಾಗಿ ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಮೊದಲ ಸಲ ಅವರಿಬ್ಬರೂ ಬಂದದ್ದು ಫೆಬ್ರವರಿಯ ಒಂದು ಭಾನುವಾರ. ಬ್ರೋಕರ್ ಜೊತೆ ಮಧ್ಯಾಹ್ನದೊಳಗೆ ಮೂರು ಮನೆ ನೋಡಿ, ಊಟಕ್ಕೆ ನಮ್ಮನೆಗೆ ಬಂದರು. ಮೊಬೈಲ್ ತುಂಬ ಫೋಟೋ. ಅಡುಗೆಮನೆ ಕಪಾಟು, ಬಾತ್‌ರೂಮಿನ ಟೈಲ್ಸ್, ಬಾಲ್ಕನಿಯಿಂದ ಕಾಣುವ ತೆಂಗಿನ ತೋಟ. ಒಂದು ಫೋಟೋದಲ್ಲೂ ರಸ್ತೆ ಇರಲಿಲ್ಲ. ಚರಂಡಿ ಇರಲಿಲ್ಲ.

"ಅಕ್ಕಾ, ಊರು ಎಷ್ಟು ಶಾಂತ ಇದೆ ಅಲ್ವಾ" ಎಂದ ತಮ್ಮ.

ಭಾನುವಾರ ಮಧ್ಯಾಹ್ನ ಮಂಗಳೂರು ಶಾಂತವಾಗಿಯೇ ಇರುತ್ತದೆ. ಅರ್ಧ ಅಂಗಡಿ ಮುಚ್ಚಿರುತ್ತವೆ, ಖಾಸಗಿ ಬಸ್ಸುಗಳ ಓಡಾಟ ಕಡಿಮೆ, ಶಾಲೆ ಇಲ್ಲ. ಅದರ ಮೇಲೆ ಫೆಬ್ರವರಿ. ಒಂದು ಹನಿ ಮಳೆ ಇಲ್ಲ. ಈ ಊರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ, ಹಾಸನದ ಮೂರು ಪಟ್ಟಿಗಿಂತ ಜಾಸ್ತಿ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಶಾಲೆ ಶುರುವಾಗುವುದೂ ಆಗಲೇ. ಹಾಗಾಗಿ ನಾನು ಅವರಿಗೆ ಹೇಳಿದ್ದು ಇಷ್ಟೇ: ನೀವು ನೋಡಿದ್ದು ನೀವು ಇರಬೇಕಾದ ಜಾಗವನ್ನಲ್ಲ. ಅದೇ ಮೂರು ಕಡೆ ಇನ್ನೊಮ್ಮೆ ಹೋಗೋಣ. ಈ ಸಲ ಮನೆಯೊಳಗೆ ಕಾಲಿಡುವುದೇ ಬೇಡ.

ಒಂದು ಕೆಲಸ ಅವರು ಸರಿಯಾಗಿ ಮಾಡಿದ್ದರು. ಶಾಲೆಯನ್ನು ಮೊದಲೇ ನಿಶ್ಚಯ ಮಾಡಿಕೊಂಡಿದ್ದರು. ಇಲ್ಲಿ ಒಂದನೇ ತರಗತಿಯ ಸೀಟಿಗಾಗಿ ಓಡಾಟ ಜನವರಿಗಿಂತ ಮುಂಚೆಯೇ ಶುರುವಾಗುತ್ತದೆ. ಮನೆ ಮಾಡಿ ಆಮೇಲೆ ಶಾಲೆ ಹುಡುಕಲು ಹೊರಟರೆ ಊರಿನ ಇನ್ನೊಂದು ತುದಿಯಲ್ಲಿ ಸೀಟು ಸಿಕ್ಕೀತು. ಇವರಿಗೆ ಸಿಕ್ಕಿದ್ದು ಬಿಜೈ ಕಡೆಯ ಒಂದು ಶಾಲೆ. ನಮ್ಮ ಲೆಕ್ಕವೆಲ್ಲ ಅಲ್ಲಿಂದಲೇ ಶುರು.

ಮೊದಲನೇ ಮನೆ: ಅಕ್ಕಿ ಮೂಟೆ ಎಲ್ಲಿಡುತ್ತೀರಿ?

ಮೊದಲನೆಯದು ಕೊಟ್ಟಾರ ಚೌಕಿ ಹತ್ತಿರ ಹೊಸ ಫ್ಲ್ಯಾಟ್. ಮೂರನೇ ಮಹಡಿ, ಲಿಫ್ಟ್ ಇದೆ, 15,000 ಬಾಡಿಗೆ. ತಮ್ಮನಿಗೆ ತುಂಬ ಹಿಡಿಸಿತ್ತು.

ಕೊಟ್ಟಾರ ಚೌಕಿಯ ಹೆಸರು ಕೇಳಿದರೆ ಇಲ್ಲಿನವರಿಗೆ ಮೊದಲು ನೆನಪಾಗುವುದು ನೀರು. 2018ರ ಮೇ 29ರಂದು ಊರಿಗೆ ಊರೇ ಮುಳುಗಿದ ದಿನ ಅಲ್ಲಿ ವಾಹನಗಳು ತೇಲುವಂತಾಗಿತ್ತು. ಆಮೇಲೂ ಜೋರು ಮಳೆ ಬಂದಾಗ ಪತ್ರಿಕೆಗಳಲ್ಲಿ ಬರುವ ಹೆಸರುಗಳಲ್ಲಿ ಅದೂ ಒಂದು. ಹಾಗಂತ ಕೊಟ್ಟಾರ ಪೂರ್ತಿ ಮುಳುಗುವುದಿಲ್ಲ. ಒಂದು ಓಣಿ ಮುಳುಗಿದರೆ ಇನ್ನೂರು ಮೀಟರ್ ಆಚೆಯ ಇಳಿಜಾರಿನಲ್ಲಿ ಒಂದು ಹನಿ ನಿಲ್ಲುವುದಿಲ್ಲ. ಮಂಗಳೂರು ಸಮತಟ್ಟು ಊರಲ್ಲ, ಗುಡ್ಡ ಮತ್ತು ಬೈಲುಗಳ ಊರು. ಜಾಗದ ಹೆಸರುಗಳಲ್ಲೇ ಅದು ಇದೆ. ಬೈಲ್ ಎಂದರೆ ಹಿಂದೆ ಗದ್ದೆ ಇದ್ದ ತಗ್ಗು: ಕೊಡಿಯಾಲಬೈಲ್, ದೇರೆಬೈಲ್. ಪದವು ಎಂದರೆ ಗುಡ್ಡದ ಮೇಲಿನ ಬಯಲು: ಕದ್ರಿ ಪದವು, ಪದವಿನಂಗಡಿ. ಹೆಸರು ನೋಡಿಯೇ ತೀರ್ಮಾನ ಮಾಡಲಾಗದು. ದೇರೆಬೈಲಿನಲ್ಲೂ ಎತ್ತರದ ಜಾಗ ಬೇಕಾದಷ್ಟಿದೆ. ಆದರೆ ಏನನ್ನು ಕೇಳಬೇಕು ಎನ್ನುವುದಕ್ಕೆ ಹೆಸರು ಒಂದು ಸುಳಿವು.

ಕೇಳುವುದಕ್ಕೂ ಒಂದು ರೀತಿ ಉಂಟು. "ಇಲ್ಲಿ ನೀರು ನಿಲ್ಲುತ್ತದಾ?" ಎಂದರೆ ಎಲ್ಲರೂ "ಇಲ್ಲ ಇಲ್ಲ" ಎನ್ನುತ್ತಾರೆ. ಸುಳ್ಳು ಹೇಳುತ್ತಾರೆ ಅಂತಲ್ಲ, ತಮ್ಮ ಜಾಗವನ್ನು ಯಾರೂ ಬಿಟ್ಟುಕೊಡುವುದಿಲ್ಲ. ನಾನು ಫ್ಲ್ಯಾಟಿನ ಎದುರಿನ ಜೀನಸಿ ಅಂಗಡಿಗೆ ಹೋಗಿ ಒಂದು ಪ್ಯಾಕೆಟ್ ಬಿಸ್ಕತ್ತು ತಗೊಂಡು ಕೇಳಿದೆ: "ಅಣ್ಣಾ, ಮಳೆಗಾಲದಲ್ಲಿ ಅಕ್ಕಿ ಮೂಟೆ ಎಲ್ಲಿಡುತ್ತೀರಿ?"

"ಎಂತ ಮಾಡುದು ಮಾರಾಯ್ರೆ, ಜೂನ್ ಬಂದ ಕೂಡಲೇ ಹಲಗೆ ಹಾಕಿ ಮೇಲೆ ಇಡುದು. ಕೆಳಗೆ ಇಟ್ಟರೆ ಉಂಟಲ್ಲ, ಎಲ್ಲ ಹೋಯ್ತು."

ಎಷ್ಟು ಎತ್ತರದ ಹಲಗೆ ಎಂದು ಕೇಳಿದೆ. ಮೊಣಕಾಲಿನವರೆಗೆ ಕೈ ತೋರಿಸಿದರು.

ಆಮೇಲೆ ನೋಡುತ್ತ ಹೋದರೆ ಎಲ್ಲ ಕಡೆ ಗುರುತು. ಅಂಗಡಿ ಸಾಲಿನ ಹೊಸ್ತಿಲುಗಳಿಗೆಲ್ಲ ಎರಡು ಸಾಲು ಇಟ್ಟಿಗೆ ಏರಿಸಿದ್ದರು. ಕಾಂಪೌಂಡ್ ಗೋಡೆಯ ಮೇಲೆ ಬಣ್ಣ ಮಾಸಿದ ಒಂದು ಅಡ್ಡಗೆರೆ, ಉದ್ದಕ್ಕೂ ಒಂದೇ ಮಟ್ಟ. ಫ್ಲ್ಯಾಟಿನ ಪಾರ್ಕಿಂಗ್‌ನಲ್ಲಿ ನೀರಿನ ಮೋಟರನ್ನು ಮೂರು ಅಡಿ ಎತ್ತರದ ಕಾಂಕ್ರೀಟ್ ಕಟ್ಟೆಯ ಮೇಲೆ ಕೂರಿಸಿದ್ದರು. ಹೊಸ ಕಟ್ಟಡದಲ್ಲಿ ಮೋಟರು ಅಷ್ಟು ಎತ್ತರಕ್ಕೆ ಸುಮ್ನೆ ಹೋಗುವುದಿಲ್ಲ. ಹಿಂಬದಿ ಕಾಂಪೌಂಡಿನ ಆಚೆ ರಾಜಕಾಲುವೆ. ಫೆಬ್ರವರಿಯಲ್ಲಿ ಅದರಲ್ಲಿ ಪ್ಲಾಸ್ಟಿಕ್ಕು, ಹುಲ್ಲು, ತೆಳ್ಳಗಿನ ಕಪ್ಪು ನೀರು.

"ನಾವು ಮೂರನೇ ಮಹಡಿಯಲ್ಲಿರುತ್ತೇವೆ, ನಮಗೇನು?" ಎಂದು ತಮ್ಮ ಕೇಳಿದ. ಇದು ಎಲ್ಲರೂ ಕೇಳುವ ಪ್ರಶ್ನೆ. ಮೇಲಿನ ಮಹಡಿಗೆ ನೀರು ಬರುವುದಿಲ್ಲ, ನಿಜ. ಆದರೆ ಲಿಫ್ಟಿನ ಗುಂಡಿಗೆ ನೀರು ಇಳಿದರೆ ಲಿಫ್ಟ್ ನಿಲ್ಲುತ್ತದೆ. ಎರಡು ವರ್ಷದ ಮಗುವನ್ನು ಎತ್ತಿಕೊಂಡು ಮೂರು ಮಹಡಿ ಹತ್ತಿ ಇಳಿಯಬೇಕು. ಅದನ್ನಾದರೂ ಸಹಿಸಬಹುದು. ದೊಡ್ಡ ತೊಂದರೆ ಸಂಪಿನದು. ಪಾರ್ಕಿಂಗ್‌ನಲ್ಲಿ ನೆಲದೊಳಗಿನ ಸಂಪು, ಅದರ ಮುಚ್ಚಳ ನೆಲದ ಮಟ್ಟಕ್ಕೇ ಇತ್ತು. ಕಾಲುವೆ ಉಕ್ಕಿ ಪಾರ್ಕಿಂಗ್‌ಗೆ ನುಗ್ಗಿದರೆ ಆ ನೀರು ಸಂಪಿಗೂ ಇಳಿಯುತ್ತದೆ, ಅಲ್ಲಿಂದ ಮೇಲಿನ ಟ್ಯಾಂಕಿಗೆ, ಅಲ್ಲಿಂದ ಮೂರನೇ ಮಹಡಿಯ ನಲ್ಲಿಗೆ. ದೊಡ್ಡವರಿಗೆ ಒಂದು ದಿನದ ಹೊಟ್ಟೆನೋವಾಗಿ ಹೋಗುವುದು ಸಣ್ಣ ಮಗುವಿಗೆ ಡ್ರಿಪ್ ಹಾಕಿಸುವವರೆಗೆ ಹೋಗಬಹುದು. ಸಂಪಿನ ಬಾಯಿ ನೆಲದಿಂದ ಎರಡಡಿ ಮೇಲಿದ್ದಿದ್ದರೆ, ಮುಚ್ಚಳ ಬಿಗಿಯಾಗಿದ್ದಿದ್ದರೆ, ನಾನು ಇಷ್ಟು ಹೆದರುತ್ತಿರಲಿಲ್ಲ.

ಇಷ್ಟಾದರೂ ತಮ್ಮನಿಗೆ ಪೂರ್ತಿ ಒಪ್ಪಿಗೆಯಿಲ್ಲ. ಮೊಬೈಲಿನಲ್ಲಿ ಆ ಜಾಗದ ಹೆಸರು ಹಾಕಿ, ಪಕ್ಕದಲ್ಲಿ "ಜಲಾವೃತ" ಎಂದು ಕನ್ನಡದಲ್ಲೇ ಬರೆದು ಹುಡುಕಲು ಹೇಳಿದೆ. ಸ್ಥಳೀಯ ಸುದ್ದಿ ಕನ್ನಡದಲ್ಲಿ ಹುಡುಕಿದರೇ ಚೆನ್ನಾಗಿ ಸಿಗುತ್ತದೆ. ಬಂದ ಫೋಟೋಗಳಲ್ಲಿ ಒಂದರಲ್ಲಿ ಅದೇ ಅಂಗಡಿ ಸಾಲು ಇತ್ತು. ಅಲ್ಲಿಗೆ ಆ ಮನೆಯ ಮಾತು ಮುಗಿಯಿತು.

ಎರಡನೇ ಮನೆ: ಅಂಗಳದ ಹಿಂದಿನ ಬರೆ

ಎರಡನೆಯದು ಕುಲಶೇಖರದ ಕಡೆ, ಇಳಿಜಾರಿನಲ್ಲಿ ಒಂಟಿ ಮನೆ. ಹಂಚಿನ ಮಾಡು, ಸುತ್ತ ಅಂಗಳ, ಮಾವಿನ ಮರ, ಬಾವಿ. 13,000 ರೂಪಾಯಿಗೆ ಇಷ್ಟೆಲ್ಲ. ತಮ್ಮನ ಹೆಂಡತಿ ಇದಕ್ಕೇ ಮನಸ್ಸು ಕೊಟ್ಟಿದ್ದಳು. ಮಕ್ಕಳಿಗೆ ಆಡಲು ಜಾಗ, ನೀರು ಮನೆಯದೇ. ನನಗೂ ಆಸೆ ಆಯಿತು, ಸುಳ್ಳೇಕೆ.

ಆದರೆ ಮನೆಯ ಹಿಂದೆ ಗುಡ್ಡ ಕಡಿದಿದ್ದರು. ಹಾಗೆ ನೆಟ್ಟಗೆ ಕಡಿದು ಉಳಿದ ಮಣ್ಣಿನ ಗೋಡೆಗೆ ಇಲ್ಲಿ ಬರೆ ಎನ್ನುತ್ತಾರೆ. ಇದು ಸುಮಾರು ಹದಿನೈದು ಅಡಿ ಎತ್ತರ. ಬರೆಯ ನೆತ್ತಿಯಲ್ಲಿ ಮೇಲಿನ ಮನೆಯವರ ಕಾಂಪೌಂಡ್ ಗೋಡೆ. ಬರೆಯಿಂದ ಅಡುಗೆಮನೆಯ ಗೋಡೆಗೆ ನನ್ನ ಐದು ಹೆಜ್ಜೆ, ಅಂದರೆ ಹನ್ನೆರಡು ಅಡಿಯೂ ಇಲ್ಲ.

ಕರಾವಳಿಯ ಗುಡ್ಡಗಳ ಮೇಲ್ಪದರ ಮುರಕಲ್ಲು, ಅಂದರೆ ಕೆಂಪುಕಲ್ಲು. ಅದು ಗಟ್ಟಿ, ನೆಟ್ಟಗೆ ಕಡಿದರೂ ನಿಲ್ಲುತ್ತದೆ. ಅದರ ಅಡಿಯಲ್ಲಿ ಶೇಡಿ ಮಣ್ಣು ಇರುತ್ತದೆ. ಬಿಳಿ, ಹಳದಿ, ನಸುಗೆಂಪು ಮಿಶ್ರಿತ ನುಣುಪು ಮಣ್ಣು. ಒಣಗಿದ್ದಾಗ ಇದೂ ಕಲ್ಲಿನಂತೆ ಕಾಣುತ್ತದೆ. ನೀರು ಕುಡಿದರೆ ಬಲವೆಲ್ಲ ಹೋಗಿ ಜಾರುತ್ತದೆ. ಮೇಲಿನ ಕೆಂಪುಕಲ್ಲಿಗೆ ಆಧಾರ ತಪ್ಪಿ ಅದೂ ಜೊತೆಗೆ ಬರುತ್ತದೆ. ಹಾಗಾಗಿ ಬರೆ ನೋಡುವಾಗ ಎತ್ತರ ಮಾತ್ರ ನೋಡಿದರೆ ಸಾಲದು, ಬಣ್ಣ ನೋಡಬೇಕು. ಮೇಲಿನಿಂದ ಕೆಳಗಿನವರೆಗೆ ಕೆಂಪಗೆ, ತೂತು ತೂತಾದ ಕಲ್ಲಿದ್ದರೆ ಸ್ವಲ್ಪ ಧೈರ್ಯ. ಈ ಮನೆಯ ಹಿಂದೆ ಕೆಳಗಿನ ನಾಲ್ಕೈದು ಅಡಿ ಬೆಳ್ಳಗಿತ್ತು. ಬುಡದಲ್ಲಿ ಹಳೆಯ ಕುಸಿತದ ಮಣ್ಣಿನ ಗುಪ್ಪೆ, ಅದರ ಮೇಲೆ ಹುಲ್ಲು ಬೆಳೆದು ಚಂದ ಕಾಣುತ್ತಿತ್ತು.

ಮೇಲಿನ ಕಾಂಪೌಂಡ್ ಗೋಡೆಯನ್ನೂ ನೋಡಿದೆವು. ನೀರು ಹೊರಗೆ ಹೋಗಲು ಗೋಡೆಯ ಬುಡದಲ್ಲಿ ತೂತುಗಳಿರಬೇಕು. ಒಂದೂ ಇರಲಿಲ್ಲ. ಅಂಥ ಗೋಡೆಯ ಹಿಂದೆ ಮಳೆನೀರು ಕಟ್ಟಿಕೊಳ್ಳುತ್ತದೆ. ಮಣ್ಣಿನ ಭಾರದ ಜೊತೆ ನೀರಿನ ಒತ್ತಡವೂ ಸೇರುತ್ತದೆ. 2024ರ ಜೂನ್‌ನಲ್ಲಿ ಉಳ್ಳಾಲ ಬಳಿಯ ಕುತ್ತಾರಿನಲ್ಲಿ ಮಳೆಗೆ ಕಾಂಪೌಂಡ್ ಗೋಡೆ ಮನೆಯ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. ಅವರಲ್ಲಿ ಇಬ್ಬರು ಮಕ್ಕಳು. ಅದಾದ ಮೇಲೆ ನನ್ನ ಲೆಕ್ಕ ಸರಳ: ಬರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರದಲ್ಲಿ ಮನೆಯ ಗೋಡೆ ಇರಬೇಕು. ಮಕ್ಕಳು ಮಲಗುವ ಕೋಣೆ ಬರೆಯ ಕಡೆಗೆ ಇರಬಾರದು. ಇದು ಎಂಜಿನಿಯರ್ ಕೊಟ್ಟ ಪ್ರಮಾಣಪತ್ರ ಅಲ್ಲ, ಬೇಡ ಎನ್ನಲು ನನಗೆ ಸಾಕಾಗುವ ಅಳತೆ. ಇಲ್ಲಿ ಎರಡೂ ತಪ್ಪಿತ್ತು.

ಬಾವಿಯದು ಬೇರೆ ಕಥೆ. ಕಟ್ಟೆ ಎರಡಡಿ ಎತ್ತರ, ಮೇಲೆ ಬಲೆ ಮಾತ್ರ. "ಕಬ್ಬಿಣದ ಗ್ರಿಲ್ ಹಾಕಿಸಿ ಕೊಡುತ್ತೇನೆ" ಎಂದರು ಮನೆಯ ಯಜಮಾನರು. ಒಳ್ಳೆಯ ಮನುಷ್ಯರು, ಹಾಕಿಸಿಯೂ ಕೊಡುತ್ತಿದ್ದರು. ಬಾವಿ ಸರಿ ಮಾಡಬಹುದು. ಬರೆಯನ್ನು ಬಾಡಿಗೆಯವರು ಏನು ಮಾಡಲು ಸಾಧ್ಯ?

ತಮ್ಮನ ಹೆಂಡತಿ ಆ ದಿನ ಸ್ವಲ್ಪ ಸಪ್ಪೆಯಾದಳು. "ಅತ್ತಿಗೆ, ಹೀಗೆ ನೋಡುತ್ತ ಹೋದರೆ ಈ ಊರಲ್ಲಿ ಮನೆಯೇ ಸಿಗುವುದಿಲ್ಲ" ಎಂದಳು. ಅವಳ ಮಾತಿನಲ್ಲಿ ಸತ್ಯವಿದೆ. ಇಳಿಜಾರಿನಲ್ಲಿ ಮನೆ ಮಾಡಿಕೊಂಡು ಮೂವತ್ತು ವರ್ಷ ಏನೂ ಆಗದೆ ಇರುವವರು ಸಾವಿರ ಜನ ಇದ್ದಾರೆ. ಆದರೆ ಅವರು ತಮ್ಮ ಬರೆಯನ್ನು ಮೂವತ್ತು ಮಳೆಗಾಲ ನೋಡಿದವರು. ಯಾವ ಬಿರುಕು ಹಳೆಯದು, ಯಾವುದು ಹೊಸದು ಎಂದು ಅವರಿಗೆ ಗೊತ್ತಾಗುತ್ತದೆ. ಹಾಸನದಿಂದ ಬಂದವರಿಗೆ ಗೊತ್ತಾಗುವುದಿಲ್ಲ.

ಮೂರನೇ ಮನೆ: 650 ಮೀಟರ್, 24 ನಿಮಿಷ

ಮೂರನೆಯದು ಬಿಜೈ–ಕದ್ರಿ ಕಂಬಳ ನಡುವೆ, ಇಪ್ಪತ್ತು ವರ್ಷ ಹಳೆಯ ಅಪಾರ್ಟ್‌ಮೆಂಟ್. ಎರಡನೇ ಮಹಡಿ, ಲಿಫ್ಟ್ ಇಲ್ಲ, 16,500. ಗೋಡೆಯ ಮೂಲೆಯಲ್ಲಿ ತೇವದ ಕಲೆ. ಭಾನುವಾರ ನೋಡಿದಾಗ ಇಬ್ಬರಿಗೂ ಇದು ಕೊನೆಯ ಆಯ್ಕೆಯಾಗಿತ್ತು. ಶಾಲೆಗೆ 650 ಮೀಟರ್ ಎಂದು ಮೊಬೈಲ್ ತೋರಿಸುತ್ತಿತ್ತು. ಎಂಟು ನಿಮಿಷದ ನಡಿಗೆ ಅಂತೆ.

ಮಾರ್ಚ್ ಮೊದಲ ವಾರ, ಬುಧವಾರ, ಬೆಳಿಗ್ಗೆ 8:15ಕ್ಕೆ ನಾವು ಆ ಮನೆಯ ಗೇಟಿನಿಂದ ಶಾಲೆಗೆ ನಡೆದೆವು. ಇಬ್ಬರು ಮಕ್ಕಳನ್ನೂ ಕರೆತಂದಿದ್ದರು. ದೊಡ್ಡವಳ ಬೆನ್ನಿಗೆ ಬ್ಯಾಗು ಹಾಕಿಸಿದ್ದೆ. ಚಿಕ್ಕವನನ್ನು ಎತ್ತಿಕೊಳ್ಳಬಾರದು ಎಂದು ಒಪ್ಪಂದ.

24 ನಿಮಿಷ ಹಿಡಿಯಿತು.

ಮೊದಲ 200 ಮೀಟರ್ ಸುಖ. ಒಳಗಿನ ಓಣಿ, ಎರಡು ಕಡೆ ಕಾಂಪೌಂಡು, ದಾಸವಾಳದ ಬೇಲಿ, ಸ್ಕೂಟರ್‌ಗಳು ನಿಧಾನ. ಆಮೇಲೆ ಮುಖ್ಯ ರಸ್ತೆ. ಕಾಂಕ್ರೀಟ್ ರಸ್ತೆಯ ಅಂಚು ನೆಲದಿಂದ ಒಂದು ಗೇಣು ಮೇಲೆ. ಫುಟ್‌ಪಾತ್ ಎಂದರೆ ಚರಂಡಿಯ ಮೇಲಿನ ಚಪ್ಪಡಿಗಳ ಸಾಲು. ನಾನು ಎಣಿಸಿದಂತೆ ಆ ದಾರಿಯಲ್ಲಿ ಐದು ಕಡೆ ಚಪ್ಪಡಿ ಇಲ್ಲ ಅಥವಾ ಒಡೆದಿತ್ತು. ಎರಡು ಕಡೆ ಟ್ರಾನ್ಸ್‌ಫಾರ್ಮರ್ ಕಂಬ ಅಡ್ಡ. ಪ್ರತಿ ಸಲವೂ ರಸ್ತೆಗೆ ಇಳಿಯಬೇಕು. ಇಳಿದರೆ ಹಿಂದಿನಿಂದ ಸಿಟಿ ಬಸ್ಸು, ಕಂಡಕ್ಟರನ ಸೀಟಿ. ಮಳೆಗಾಲದಲ್ಲಿ ಆ ಐದು ಗುಂಡಿಗಳ ಮೇಲೂ ಕೆಂಪು ನೀರು ಹರಿಯುತ್ತದೆ. ಗುಂಡಿ ಎಲ್ಲಿದೆ ಎಂದು ಕಾಣುವುದೇ ಇಲ್ಲ. ಮಗು ಕೊಡೆ ಹಿಡಿದಿರುತ್ತದೆ, ತಾಯಿಯ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚಿಕ್ಕವನು. ದೊಡ್ಡವಳ ಕೈ ಹಿಡಿಯಲು ಮೂರನೇ ಕೈ ಎಲ್ಲಿಂದ ತರುವುದು?

ಶಾಲಾ ವ್ಯಾನ್ ಮಾಡಿಕೊಳ್ಳಬಹುದಲ್ಲ ಎಂದು ತಮ್ಮ ಹೇಳಿದ. ವ್ಯಾನಿನವರನ್ನೇ ನಿಲ್ಲಿಸಿ ಕೇಳಿದೆವು. ಆ ಓಣಿಯ ತುದಿಯಲ್ಲಿ ವ್ಯಾನ್ ತಿರುಗಿಸಲು ಜಾಗವಿಲ್ಲ, ಮುಖ್ಯ ರಸ್ತೆಯಲ್ಲೇ ಹತ್ತಬೇಕು ಎಂದರು. ಅಂದರೆ ದಿನಾ ಬೆಳಿಗ್ಗೆ ಅದೇ ಬಸ್ಸುಗಳ ಪಕ್ಕ ನಿಂತು ಕಾಯುವುದು.

ಇಲ್ಲಿ ಆ ಮನೆಯನ್ನೂ ಬಿಟ್ಟುಬಿಡುವುದರಲ್ಲಿದ್ದೆವು. ಆದರೆ ವಾಪಸ್ ಬರುವಾಗ ದೊಡ್ಡವಳು ತನ್ನಷ್ಟೇ ಎತ್ತರದ, ಯೂನಿಫಾರ್ಮ್ ಹಾಕಿದ ಮೂವರು ಮಕ್ಕಳನ್ನು ನೋಡಿದಳು. ಅವರು ಮುಖ್ಯ ರಸ್ತೆಗೆ ಬರಲೇ ಇಲ್ಲ. ಎದುರಿನ ಒಂದು ಓಣಿಯಿಂದ ಇಳಿದು ಶಾಲೆಯ ಹಿಂದಿನ ಗೇಟಿಗೆ ಸೇರಿಬಿಟ್ಟರು, ಜೊತೆಗೆ ಒಬ್ಬ ಅಜ್ಜ. ನಾವು ಆ ಓಣಿಯನ್ನೇ ಹಿಡಿದು ಮೇಲೆ ಹತ್ತಿದೆವು. ಶಾಲೆಯಿಂದ 500 ಮೀಟರ್, ದಾರಿಯುದ್ದಕ್ಕೂ ಒಳರಸ್ತೆ, ದಾಟಬೇಕಾದ ದೊಡ್ಡ ರಸ್ತೆ ಒಂದೂ ಇಲ್ಲ. ಜಾಗವೂ ಸ್ವಲ್ಪ ಎತ್ತರ. ಚರಂಡಿಗೆ ಇಳಿಜಾರು ಚೆನ್ನಾಗಿತ್ತು. ಹೆಸರು ಕೇಳಿದರೆ ಅದೂ ಬಿಜೈ, ಇದೂ ಬಿಜೈ. ಬ್ರೋಕರ್ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಹೆಸರು, ಹೆಚ್ಚು ಕಡಿಮೆ ಒಂದೇ ಬಾಡಿಗೆ.

ಆ ಓಣಿಯಲ್ಲಿ ಬಾಡಿಗೆಗಿದೆ ಎಂಬ ಬೋರ್ಡು ಎಲ್ಲೂ ಇರಲಿಲ್ಲ. ಓಣಿಯ ಮೂಲೆಯ ಬಟ್ಟೆ ಇಸ್ತ್ರಿ ಮಾಡುವವರನ್ನು ಕೇಳಿದೆವು. ಯಾವ ಮನೆ ಖಾಲಿ, ಯಾವುದು ಖಾಲಿಯಾಗುತ್ತದೆ ಎಂದು ಬ್ರೋಕರ್‌ಗಿಂತ ಮೊದಲು ತಿಳಿಯುವುದು ಇಸ್ತ್ರಿಯವರಿಗೆ ಮತ್ತು ಹಾಲಿನವರಿಗೆ. ಏಪ್ರಿಲ್ ಕೊನೆಗೆ ಒಂದು ಫ್ಲ್ಯಾಟ್ ಬಿಡುತ್ತಾರೆ ಎಂದರು. ಮೊದಲ ಮಹಡಿ, 17,000.

ನಾಲ್ಕನೇ ಮನೆ: ಮೂರು ಬೇರೆ ಹೊತ್ತು

ನಾಲ್ಕನೇ ಮನೆಯನ್ನು ನೋಡಲು ನಾವು ಮೂರು ಬೇರೆ ಬೇರೆ ಹೊತ್ತಿನಲ್ಲಿ ಹೋದೆವು.

ಸಂಜೆ ಐದೂವರೆಗೆ ಹೋದದ್ದು ಮಕ್ಕಳನ್ನು ಎಣಿಸಲು. ಇದು ತಮಾಷೆಯಲ್ಲ. ಮಂಗಳೂರಿನಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ. ಕೆಲವು ಸಲ ಹಿಂದಿನ ರಾತ್ರಿ, ಕೆಲವು ಸಲ ಅದೇ ದಿನ ಬೆಳಿಗ್ಗೆ, ಟಿಫಿನ್ ಕಟ್ಟಿ ಆದ ಮೇಲೆ. ಜೂನ್–ಜುಲೈಯಲ್ಲಿ ಒಂದೇ ವಾರದಲ್ಲಿ ಎರಡು ಮೂರು ದಿನ ಹೀಗಾಗುವುದುಂಟು. ಮನೆಯಿಂದ ಕೆಲಸ ಮಾಡುವ ತಾಯಿಗೆ ಆ ದಿನ ಹೇಗೆ ಸಾಗುತ್ತದೆ ಎನ್ನುವುದನ್ನು ನಿರ್ಧರಿಸುವುದು ಅದೇ ಕಟ್ಟಡದಲ್ಲಿ ಇನ್ನೊಂದು ಮಗು ಇದೆಯೇ ಎನ್ನುವುದು. ಪಾರ್ಕು ಆ ದಿನ ಉಪಯೋಗಕ್ಕೆ ಬಾರದು. ಕದ್ರಿ ಪಾರ್ಕ್ ಹತ್ತಿರ ಎಂದು ಬ್ರೋಕರ್ ಹತ್ತು ಸಲ ಹೇಳಿದ. ಹತ್ತಿರವೇ, ಚಂದವೂ ಇದೆ, ಆದರೆ ವರ್ಷದಲ್ಲಿ ನಾಲ್ಕು ತಿಂಗಳು ಅಲ್ಲಿ ಜಾರುಬಂಡೆ ಒದ್ದೆ.

ಮಕ್ಕಳು ಹೊರಗೆ ಕಾಣದಿದ್ದರೆ ಬಟ್ಟೆ ಒಣಗಿಸುವ ಹಗ್ಗ ನೋಡಬೇಕು. ಆ ಕಟ್ಟಡದ ಬಾಲ್ಕನಿಗಳಲ್ಲಿ ಮೂರು ಕಡೆ ಸಣ್ಣ ಅಂಗಿ, ಒಂದು ಕಡೆ ಶಾಲೆಯ ಯೂನಿಫಾರ್ಮ್. ಪಾರ್ಕಿಂಗ್‌ನಲ್ಲಿ ಪಕ್ಕದ ಚಕ್ರ ಇರುವ ಎರಡು ಸೈಕಲ್. ಆಟವಾಡುತ್ತಿದ್ದವರು ನಾಲ್ವರು. ತುಳು, ಕೊಂಕಣಿ, ಕನ್ನಡ ಮೂರೂ ಕಲಸಿ ಮಾತು. ನಮ್ಮವಳಿಗೆ ಮೊದಲ ಹತ್ತು ನಿಮಿಷ ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಗಬೇಕಾದ ಅಗತ್ಯ ಬೀಳಲಿಲ್ಲ.

ರಾತ್ರಿ ಹತ್ತಕ್ಕೆ ಹೋದದ್ದು ಆಟೋಗಾಗಿ. ಮಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ, ಮಕ್ಕಳ ಡಾಕ್ಟರಿಗೂ ಬರವಿಲ್ಲ. ಹಂಪನಕಟ್ಟೆಯ ವೆನ್ಲಾಕ್ ಜಿಲ್ಲಾಸ್ಪತ್ರೆ ಕೂಡ ಅಲ್ಲಿಂದ ಎರಡು ಮೂರು ಕಿಲೋಮೀಟರ್. ಆದರೆ ಕಾರಿಲ್ಲದ ಮನೆಗೆ, ಜೋರು ಮಳೆಯಲ್ಲಿ, ಜ್ವರದ ಮಗುವನ್ನು ಸ್ಕೂಟರಿನಲ್ಲಿ ಕೂರಿಸಲಾಗದು. ಓಣಿಯ ಬಾಯಲ್ಲಿ ಆಟೋ ಸ್ಟ್ಯಾಂಡ್ ಇತ್ತು, ಹತ್ತು ಗಂಟೆಗೆ ಮೂರು ಆಟೋ ನಿಂತಿದ್ದವು. ಬೀದಿದೀಪ ಉರಿಯುತ್ತಿತ್ತು. ಅಷ್ಟು ಸಾಕು. ದೂರದಿಂದ ಯಕ್ಷಗಾನದ ಚೆಂಡೆ ಕೇಳುತ್ತಿತ್ತು. ತಮ್ಮ ಅದನ್ನೂ ಗದ್ದಲದ ಲೆಕ್ಕಕ್ಕೆ ಹಾಕಲು ಹೊರಟ. ಅದು ಒಂದು ರಾತ್ರಿಯದು ಮಾರಾಯ, ಅದನ್ನೆಲ್ಲ ಲೆಕ್ಕ ಹಿಡಿದರೆ ಕರಾವಳಿಯಲ್ಲಿ ಇರಲಾಗದು ಎಂದೆ.

ಮೂರನೇ ಸಲ ಹೋದದ್ದು ಏಪ್ರಿಲ್ ಎರಡನೇ ವಾರ, ಗುಡುಗು ಮಳೆ ಬಂದ ಸಂಜೆ. ಮುಕ್ಕಾಲು ಗಂಟೆ ಸುರಿಯಿತು. ಮಳೆ ನಿಂತ ಹದಿನೈದು ನಿಮಿಷಕ್ಕೆ ನಾನು ಅಲ್ಲಿದ್ದೆ. ವರ್ಷದ ಮೊದಲ ಮಳೆಗಳೇ ಒಳ್ಳೆಯ ಪರೀಕ್ಷೆ. ಮಳೆಯಿಲ್ಲದ ತಿಂಗಳುಗಳ ತರಗೆಲೆ, ಕಸ, ಮಣ್ಣು ಚರಂಡಿಯಲ್ಲಿ ಕೂತಿರುತ್ತದೆ. ಜುಲೈಯಲ್ಲಿ ಹರಿಯುವ ಚರಂಡಿಯೂ ಏಪ್ರಿಲ್‌ನಲ್ಲಿ ಕಟ್ಟಿಕೊಳ್ಳಬಹುದು. ಓಣಿಯ ಕೆಳತುದಿಯಲ್ಲಿ ಪಾದ ಮುಳುಗುವಷ್ಟು ನೀರಿತ್ತು, ಅರ್ಧ ಗಂಟೆಯಲ್ಲಿ ಇಳಿಯಿತು. ಕಟ್ಟಡದ ಗೇಟಿನಲ್ಲಿ ಏನೂ ಇಲ್ಲ.

ಅದೇ ದಿನ ಅಸೋಸಿಯೇಶನ್ ಕಾರ್ಯದರ್ಶಿಯ ಮನೆಗೆ ಹೋಗಿ ನೀರಿನ ಬಗ್ಗೆ ಕೇಳಿದೆ. ಇದನ್ನು ಮಳೆಯ ಊರಿನಲ್ಲಿ ಜನ ಮರೆಯುತ್ತಾರೆ. ಮಂಗಳೂರಿಗೆ ನೀರು ಬರುವುದು ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಬೇಸಿಗೆಯ ಮಳೆ ಕೈಕೊಟ್ಟರೆ ಏಪ್ರಿಲ್–ಮೇಯಲ್ಲಿ ಪಾಲಿಕೆ ಸರದಿ ಮೇಲೆ ನೀರು ಬಿಡುತ್ತದೆ. 2016ರಲ್ಲಿ, 2019ರಲ್ಲಿ ಹಾಗೆ ಆಗಿತ್ತು. ಇಲ್ಲೂ "ನೀರಿನ ತೊಂದರೆ ಉಂಟಾ?" ಎಂದು ಕೇಳಲಿಲ್ಲ. "ಹೋದ ಮೇ ತಿಂಗಳಲ್ಲಿ ಟ್ಯಾಂಕರ್‌ಗೆ ಎಷ್ಟಾಯಿತು?" ಎಂದು ಕೇಳಿದೆ. ಅವರು ಲೆಕ್ಕದ ಪುಸ್ತಕ ತೆರೆದು ತೋರಿಸಿದರು. ನಾಲ್ಕು ಟ್ಯಾಂಕರ್, ಹನ್ನೆರಡು ಮನೆಗೆ. ಜೊತೆಗೆ ಒಂದು ಬಾವಿ, ನೀರಿನ ಮಟ್ಟ ಕೆಳಗಿದ್ದರೂ ಬತ್ತಿರಲಿಲ್ಲ. ಪುಸ್ತಕ ತೆರೆಯುವ ಕಾರ್ಯದರ್ಶಿ ಇದ್ದಾರೆ ಎನ್ನುವುದೇ ನನಗೆ ಅರ್ಧ ಉತ್ತರ.

ಏಪ್ರಿಲ್ ಕೊನೆಗೆ 11 ತಿಂಗಳ ಕರಾರು ಬರೆಸಿದರು. ಮೇ ಎರಡನೇ ವಾರ ಸಾಮಾನು ಬಂತು.

ನಾವು ನೋಡದೆ ಬಿಟ್ಟದ್ದು

ಮಳೆಗಾಲ ಚೆನ್ನಾಗಿಯೇ ಹೋಯಿತು. ಗೋಡೆಗೆ ಬೂಷ್ಟು ಬಂತು, ಬಟ್ಟೆ ಒಣಗಲಿಲ್ಲ, ಮಳೆ ರಜೆಗಳಲ್ಲಿ ಕೆಳಗಿನ ಮನೆಯ ಹುಡುಗಿ ಮೇಲೆ, ಮೇಲಿನವಳು ಕೆಳಗೆ. ಅದೆಲ್ಲ ಲೆಕ್ಕಕ್ಕೆ ಹಿಡಿದದ್ದೇ.

ತೊಂದರೆ ಶುರುವಾದದ್ದು ಅಕ್ಟೋಬರ್‌ನಲ್ಲಿ. ಕಟ್ಟಡದ ಪಕ್ಕ ಒಂದು ಖಾಲಿ ಜಾಗ ಇತ್ತು. ಅದನ್ನು ನಾವು ನಾಲ್ಕು ಸಲವೂ ನೋಡಿದ್ದೆವು, ಹಸಿರು ಇದೆ ಎಂದು ಖುಷಿಪಟ್ಟಿದ್ದೆವು. ಮಳೆ ನಿಂತ ಕೂಡಲೇ ಅಲ್ಲಿಗೆ ಜೆಸಿಬಿ ಬಂತು. ಆರು ಮಹಡಿಯ ಕಟ್ಟಡವಂತೆ. ಬೆಳಿಗ್ಗೆ ಏಳರಿಂದ ಸದ್ದು. ಚಿಕ್ಕವನು ಮಧ್ಯಾಹ್ನ ಮಲಗುವ ಕೋಣೆಯ ಕಿಟಕಿ ಅದೇ ಕಡೆಗೆ. ಅವನು ಮಲಗುವ ಎರಡು ಗಂಟೆಯನ್ನೇ ನಂಬಿಕೊಂಡು ಅವಳ ಕೆಲಸ ನಡೆಯುತ್ತಿತ್ತು.

ಸದ್ದಿಗಿಂತ ನನಗೆ ಹೆದರಿಕೆಯಾದದ್ದು ನೀರು. ಬಹಳ ವರ್ಷ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ಮಂಗಳೂರಿನದೇ ಆಗಿತ್ತು. ಅದಕ್ಕೆ ಒಂದು ದೊಡ್ಡ ಕಾರಣ ಕಟ್ಟಡ ಕಾಮಗಾರಿ. ಸ್ಲ್ಯಾಬ್ ಹಾಕಿದ ಮೇಲೆ ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗಲಿ ಎಂದು ಅದರ ಮೇಲೆ ವಾರಗಟ್ಟಲೆ ನೀರು ನಿಲ್ಲಿಸುತ್ತಾರೆ. ಮಲೇರಿಯಾದ ಸೊಳ್ಳೆ ಮೊಟ್ಟೆ ಇಡುವುದು ಚರಂಡಿಯಲ್ಲಲ್ಲ, ಹೀಗೆ ನಿಂತ ತಿಳಿ ನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರದಿಂದ ಹತ್ತು ದಿನ ಸಾಕು. ಡಿಸೆಂಬರ್‌ನಲ್ಲಿ ಎದುರಿನ ಮನೆಯ ಹುಡುಗನಿಗೆ ಚಳಿಜ್ವರ ಬಂತು, ರಕ್ತ ಪರೀಕ್ಷೆಯಲ್ಲಿ ಮಲೇರಿಯಾ. ಔಷಧಿ ಪೂರ್ತಿ ತಗೊಂಡು ಗುಣವಾದ. ನಮ್ಮ ಮಕ್ಕಳಿಗೆ ಬರಲಿಲ್ಲ, ಆದರೆ ಅದು ನಮ್ಮ ಜಾಣತನ ಅಲ್ಲ.

ಅಸೋಸಿಯೇಶನ್‌ನವರು ಕಾಮಗಾರಿಯ ಮೇಸ್ತ್ರಿಯ ಜೊತೆ ಕೂತು ಮಾತಾಡಿದರು. ನಿಂತ ನೀರನ್ನು ವಾರಕ್ಕೊಮ್ಮೆ ಪೂರ್ತಿ ಗುಡಿಸಿ ಒಣಗಿಸಿ ಮತ್ತೆ ಬಿಡುವುದು ಎಂದಾಯಿತು. ಹುಳ ಸೊಳ್ಳೆಯಾಗುವ ಮೊದಲೇ ಸತ್ತರೆ ಆಯಿತಲ್ಲ. ಪಾಲಿಕೆಗೂ ದೂರು ಕೊಟ್ಟರು. ಇವರು ಕಿಟಕಿಗಳಿಗೆಲ್ಲ ಬಲೆ ಹೊಡೆಸಿ, ಮಕ್ಕಳ ಹಾಸಿಗೆಯನ್ನು ಓಣಿಯ ಕಡೆಯ ಕೋಣೆಗೆ ಹಾಕಿದರು.

ಇದನ್ನು ಮೊದಲೇ ತಿಳಿಯಬಹುದಿತ್ತಾ? ತಿಳಿಯಬಹುದಿತ್ತು. ಆ ಜಾಗದ ಮೂಲೆಯಲ್ಲಿ ಬೋರ್‌ವೆಲ್‌ನ ಹೊಸ ಪೈಪು ಎದ್ದು ನಿಂತಿತ್ತು. ಗಡಿಗೆ ಹೊಸ ಕಲ್ಲು ನೆಟ್ಟಿದ್ದರು. ತೆಂಗಿನ ಮರಗಳ ಕಾಯಿ ಯಾರೂ ಕೊಯ್ಯುತ್ತಿರಲಿಲ್ಲ, ಬಿದ್ದದ್ದು ಅಲ್ಲೇ ಮೊಳಕೆಯೊಡೆದಿತ್ತು. ಊರಿನ ಮಧ್ಯೆ ಅಷ್ಟು ಬೆಲೆಯ ಜಾಗದಲ್ಲಿ ತೆಂಗಿನಕಾಯಿಯನ್ನೂ ಬಿಟ್ಟಿದ್ದಾರೆ ಎಂದರೆ ಕೈ ಬದಲಾಗಿದೆ ಎಂದೇ ಅರ್ಥ. ಇಸ್ತ್ರಿಯವರಿಗೆ ಗೊತ್ತಿತ್ತು. "ನೀವು ಕೇಳ್ಲಿಲ್ಲ ಅಲ್ವಾ ಅಕ್ಕ" ಎಂದರು. ನಿಜ, ನಾನು ಖಾಲಿ ಮನೆ ಕೇಳಿದ್ದೆ, ಖಾಲಿ ಜಾಗ ಕೇಳಿರಲಿಲ್ಲ.

ಮಾರ್ಚ್‌ನಲ್ಲಿ ಕರಾರು ಮುಗಿಯುವ ಹೊತ್ತಿಗೆ ಬಿಡುವುದೋ ಇರುವುದೋ ಎಂದು ಮಾತು ಬಂತು. ಯಜಮಾನರು 800 ರೂಪಾಯಿ ಜಾಸ್ತಿ ಕೇಳಿದರು. ಪಕ್ಕದ ಸದ್ದು ತೋರಿಸಿ 400ಕ್ಕೆ ಇಳಿಸಿದರು. ಇರುವುದೆಂದೇ ಆಯಿತು. ಶಾಲೆಗೆ ದೊಡ್ಡವಳ ಜೊತೆ ಹೋದರೆ ಎಂಟು ನಿಮಿಷ. ಚಿಕ್ಕವನೂ ಬಂದರೆ ಇಪ್ಪತ್ತು, ಪಕ್ಕದ ಗೇಟಿನಲ್ಲಿ ಕಾಂಕ್ರೀಟ್ ಲಾರಿ ತಿರುಗುವುದನ್ನು ಅವನು ಪೂರ್ತಿ ನೋಡಿಯೇ ಹೊರಡಬೇಕು.